‘ಎಂದು’ ಬರುವ ಮೊದಲೇ ಸುದ್ದಿ ಮುಗಿಯಲಿ: ಕಾಲೇಜು ರೇಡಿಯೊದ ವಾರ್ತೆ ಬರೆಯುವ ಬಗೆ

ಪ್ರಶ್ನೆ: ನಮ್ಮದು ಮಂಜೇಶ್ವರ ತಾಲೂಕಿನ ಕಾಲೇಜು. ದಿನಾ ಮಧ್ಯಾಹ್ನ 3.15ಕ್ಕೆ ಕಾಲೇಜಿನ ಸ್ಪೀಕರುಗಳಲ್ಲಿ ಐದು ನಿಮಿಷ ಕನ್ನಡ ವಾರ್ತೆ ಓದುತ್ತೇವೆ. ಪ್ರಕಟಣೆಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ, ಕನ್ನಡ ಮಾಡುವುದು ನಾವೇ. ‘ಮುಖ್ಯ ಸಂಗತಿ ಮೊದಲು ಬರಬೇಕು, ಹೇಳಿದ್ದು ಯಾರು ಎಂಬುದು ಬಿಟ್ಟುಹೋಗಬಾರದು’ ಎಂದು ಸರ್ ಹೇಳುತ್ತಾರೆ. ಕನ್ನಡದಲ್ಲಿ ಕ್ರಿಯಾಪದವೇ ಕೊನೆಗೆ ಬರುವಾಗ ಅದು ಹೇಗೆ ಸಾಧ್ಯ? ಮೊನ್ನೆ ಮಳೆಯ ರಜೆಯ ವಾರ್ತೆ ಓದಿದಾಗ ಹಲವರು ಪರೀಕ್ಷೆಯೂ ಇಲ್ಲ ಎಂದುಕೊಂಡರು. ಓದಿದ ಪ್ರತಿ ಕಳಿಸಿದ್ದೇನೆ. ಇನ್ನೊಂದು: ಖಾತ್ರಿಯಿಲ್ಲದ ಸುದ್ದಿಗೆ ‘ಎನ್ನಲಾಗಿದೆ’ ಸೇರಿಸಿದರೆ ಹೊಣೆ ನಮ್ಮ ಮೇಲೆ ಬರುವುದಿಲ್ಲ ಅಲ್ಲವೇ?

ಉತ್ತರ: ನೀವು ಕಳಿಸಿದ ಪ್ರತಿಯ ಮೊದಲ ವಾಕ್ಯವನ್ನೇ ಎದುರಿಗಿಟ್ಟುಕೊಳ್ಳೋಣ. ಏನು ತಪ್ಪಾಯಿತು ಎಂಬುದು ಅದರೊಳಗೇ ಇದೆ.

“ಕಾಸರಗೋಡು ಜಿಲ್ಲೆಯಲ್ಲಿ ಕಳೆದ ಎರಡು ದಿನಗಳಿಂದ ಮುಂದುವರಿಯುತ್ತಿರುವ ಶಕ್ತವಾದ ಮಳೆಯ ಹಾಗೂ ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಪ್ರಖ್ಯಾಪಿಸಿರುವ ಸಾಹಚರ್ಯದಲ್ಲಿ ಮುಂಜಾಗ್ರತಾ ಕ್ರಮವಾಗಿ ವೃತ್ತಿಪರ ಕಾಲೇಜುಗಳು, ಅಂಗನವಾಡಿಗಳು, ಮದ್ರಸಗಳು, ಟ್ಯೂಷನ್ ಸೆಂಟರುಗಳು ಸೇರಿದಂತೆ ಎಲ್ಲ ವಿದ್ಯಾಭ್ಯಾಸ ಸಂಸ್ಥೆಗಳಿಗೆ ನಾಳೆ ಅವಧಿಯಾಗಿರುತ್ತದೆ ಎಂದೂ ಮೊದಲೇ ನಿಶ್ಚಯಿಸಿದ ಪರೀಕ್ಷೆಗಳಿಗೆ ಬದಲಾವಣೆ ಇರುವುದಿಲ್ಲ ಎಂದೂ ಜಿಲ್ಲಾಧಿಕಾರಿಗಳು ಉತ್ತರವು ನೀಡಿದ್ದಾರೆ.”

ಎಣಿಸಿ ನೋಡಿ, 39 ಪದಗಳ ಒಂದೇ ವಾಕ್ಯ. ‘ನಾಳೆ’ ಬರುವುದು 28ನೇ ಪದವಾಗಿ. ಓದುವವರು ನಿಮಿಷಕ್ಕೆ 100 ಪದ ಓದುತ್ತಾರೆ ಎಂದಿಟ್ಟುಕೊಂಡರೆ, ವರಾಂಡದಲ್ಲಿ ನಿಂತವರಿಗೆ ಸುದ್ದಿ ಏನೆಂದು ಗೊತ್ತಾಗಲು ಸುಮಾರು 17 ಸೆಕೆಂಡು ಬೇಕು. ಅಷ್ಟು ಹೊತ್ತು ಅವರು ಮಳೆ, ಇಲಾಖೆ, ಅಂಗನವಾಡಿ, ಮದ್ರಸ ಎಲ್ಲವನ್ನೂ ಯಾತಕ್ಕೆಂದು ತಿಳಿಯದೆ ತಲೆಯಲ್ಲಿ ಹೊತ್ತು ನಿಲ್ಲಬೇಕು. ಪತ್ರಿಕೆಯಲ್ಲಾದರೆ ಕಣ್ಣು ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ.

ಪರೀಕ್ಷೆಯ ಗೊಂದಲಕ್ಕೆ ಕಾರಣ ಇನ್ನೂ ಸೂಕ್ಷ್ಮವಾದದ್ದು. ‘ಪರೀಕ್ಷೆಗಳಿಗೆ ಬದಲಾವಣೆ ಇರುವುದಿಲ್ಲ’ ಎಂಬುದನ್ನು ಗದ್ದಲದ ನಡುವೆ ಕೇಳುವವರಿಗೆ ಎರಡು ಪದ ಗಟ್ಟಿಯಾಗಿ ಬೀಳುತ್ತವೆ: ಮೊದಲು ‘ಪರೀಕ್ಷೆ’, ಕೊನೆಯಲ್ಲಿ ‘ಇರುವುದಿಲ್ಲ’. ನಡುವಿನ ‘ಬದಲಾವಣೆ’ ಮಾತಿನಲ್ಲಿ ಕರಗಿಹೋಗುತ್ತದೆ. ಅದರ ಹಿಂದೆಯೇ ರಜೆಯ ಮಾತು ಬಂದಿದೆ. ಹಾಗಾಗಿ ಕೇಳಿದವರು ‘ಪರೀಕ್ಷೆ ಇರುವುದಿಲ್ಲ’ ಎಂದೇ ಅರ್ಥ ಮಾಡಿಕೊಂಡರು. ಸಂಗತಿ ಸರಿಯಾಗಿದ್ದರೂ ಅದನ್ನು ‘ಇಲ್ಲ’ದ ಮೂಲಕ ಹೇಳಿದ್ದರಿಂದ ಹೀಗಾಯಿತು. ನಡೆಯುವುದನ್ನು ‘ನಡೆಯುತ್ತದೆ’ ಎಂದೇ ಬರೆಯಬೇಕು. ರೇಡಿಯೊ ಬರವಣಿಗೆಯಲ್ಲಿ ‘ಇಲ್ಲ’ ಬರುವ ಪ್ರತಿ ವಾಕ್ಯವನ್ನೂ ಒಮ್ಮೆ ನಿಲ್ಲಿಸಿ, ಇದನ್ನು ‘ಇದೆ’ ಮಾಡಿ ಹೇಳಬಹುದೇ ಎಂದು ನೋಡುವುದು ಒಳ್ಳೆಯದು.

ಈಗ ಕ್ರಿಯಾಪದದ ವಿಷಯ. ಕನ್ನಡದಲ್ಲಿ ಮುಖ್ಯ ಸಂಗತಿಯನ್ನು ಮೊದಲು ಹೇಳಲಾಗದು ಎಂಬ ನಂಬಿಕೆ ಕಾಲೇಜು ವಾರ್ತಾ ತಂಡಗಳಲ್ಲಿ ಬಹಳ ಉಂಟು. ಆ ನಿಯಮವನ್ನು ‘ಮೊದಲ ಪದ’ ಎಂದು ತಿಳಿದುಕೊಳ್ಳುವುದರಿಂದ ಈ ನಂಬಿಕೆ ಹುಟ್ಟುತ್ತದೆ. ಬೇಕಾದದ್ದು ಮೊದಲ ವಾಕ್ಯ, ಮೊದಲ ಪದವಲ್ಲ. ಹಾಗೆ ನೋಡಿದರೆ ಮೊದಲ ಪದದಲ್ಲೇ ಮುಖ್ಯ ಸಂಗತಿ ಇಡುವುದು ಅಪಾಯ. ಸ್ಪೀಕರು ಮಾತಾಡತೊಡಗಿದ ಮೇಲೆ ಕಿವಿ ಅತ್ತ ತಿರುಗಲು ಒಂದೆರಡು ಕ್ಷಣ ಬೇಕು, ಆ ಒಂದೆರಡು ಪದ ಹೇಗೂ ಪೋಲಾಗುತ್ತದೆ. ವಾಕ್ಯ ಚಿಕ್ಕದಾಗಿದ್ದರೆ ಕನ್ನಡದ ಜೋಡಣೆ ಇಲ್ಲಿ ನಮಗೇ ಅನುಕೂಲ: ಮೊದಲು ಯಾವ ವಿಷಯ, ಯಾರಿಗೆ ಸಂಬಂಧಿಸಿದ್ದು ಎಂಬುದು ಬಂದು ಕಿವಿಯನ್ನು ಸೆಳೆಯುತ್ತದೆ, ಸಂಗತಿ ಕೊನೆಯ ಪದದ ಮೇಲೆ ಗಟ್ಟಿಯಾಗಿ ಕೂರುತ್ತದೆ. ‘ಕಾಸರಗೋಡು ಜಿಲ್ಲೆಯ ಶಾಲೆ ಕಾಲೇಜುಗಳಿಗೆ ನಾಳೆ ರಜೆ.’ ಇಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಕನ್ನಡ ಇಂಥ ವಾಕ್ಯವನ್ನು ಸಲೀಸಾಗಿ ಒಪ್ಪುತ್ತದೆ.

ನಿಮ್ಮ ವಾಕ್ಯವನ್ನು ಎಳೆದು ಉದ್ದ ಮಾಡಿದ್ದು ಕ್ರಿಯಾಪದವಲ್ಲ, ‘ಎಂದು’. ‘ಎಂದು’ ಎಂಬ ಒಂದು ಕೊಕ್ಕೆಗೆ ಎಷ್ಟು ಸಂಗತಿಯನ್ನು ಬೇಕಾದರೂ ನೇತುಹಾಕಬಹುದು, ಕೊನೆಗೆ ಒಂದು ‘ತಿಳಿಸಿದ್ದಾರೆ’ ಸೇರಿಸಿದರೆ ವ್ಯಾಕರಣ ಸರಿಹೋಗುತ್ತದೆ. ಸರಕಾರಿ ಪ್ರಕಟಣೆಗಳು ಬರುವುದೇ ಹೀಗೆ, ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಆ ಕೊಕ್ಕೆಯೂ ಜೊತೆಗೆ ಬರುತ್ತದೆ. ಉಪಾಯ ಸರಳ: ‘ಎಂದು’ ಇರುವ ಕಡೆ ವಾಕ್ಯವನ್ನು ಕತ್ತರಿಸಿ. ಅದರ ಹಿಂದಿನದು ಒಂದು ವಾಕ್ಯ, ಯಾರು ಹೇಳಿದರೆಂಬುದು ಅದರ ಮುಂದಿನ ವಾಕ್ಯ.

“ಕಾಸರಗೋಡು ಜಿಲ್ಲೆಯ ಶಾಲೆ ಕಾಲೇಜುಗಳಿಗೆ ನಾಳೆ, ಬುಧವಾರ, ರಜೆ. ಆದರೆ ಮೊದಲೇ ನಿಗದಿಯಾದ ಪರೀಕ್ಷೆಗಳು ನಾಳೆ ನಡೆಯುತ್ತವೆ. ಕಾಸರಗೋಡು ಜಿಲ್ಲಾಧಿಕಾರಿ ಇಂದು ಮಧ್ಯಾಹ್ನ ಈ ಆದೇಶ ಹೊರಡಿಸಿದ್ದಾರೆ. ಅಂಗನವಾಡಿ, ಮದ್ರಸ, ಟ್ಯೂಷನ್ ಕೇಂದ್ರ ಮತ್ತು ವೃತ್ತಿಪರ ಕಾಲೇಜುಗಳಿಗೂ ಇದು ಅನ್ವಯ. ಜಿಲ್ಲೆಯಲ್ಲಿ ಎರಡು ದಿನಗಳಿಂದ ಬಿರುಸಿನ ಮಳೆಯಾಗುತ್ತಿದೆ. ನಾಳೆಗೆ ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟಿದೆ.”

ಒಟ್ಟು 40 ಪದ. ನಿಮ್ಮದಕ್ಕಿಂತ ಒಂದೇ ಒಂದು ಹೆಚ್ಚು. ಆದರೆ ರಜೆ 7ನೇ ಪದಕ್ಕೆ ಬಂತು, ಪರೀಕ್ಷೆ ನಡೆಯುತ್ತದೆ ಎಂಬುದು 13ನೆಯ ಪದಕ್ಕೆ ಮುಗಿಯಿತು. ಎಂಟು ಸೆಕೆಂಡು ಕೇಳಿ ಬಸ್ಸಿಗೆ ಓಡಿದವರಿಗೂ ತಪ್ಪು ತಿಳಿವಳಿಕೆಯಾಗದು. ಮಳೆ ಮತ್ತು ಎಚ್ಚರಿಕೆ ಕೊನೆಗೆ ಹೋದವು, ಯಾಕೆಂದರೆ ಅವು ಕಾರಣಗಳು. ಕಾರಣದಿಂದ ಶುರುಮಾಡುವುದು ಪ್ರಕಟಣೆಯ ಕ್ರಮ. ಆದೇಶ ಹೊರಡಿಸುವವರು ಯಾಕೆ ಹೊರಡಿಸುತ್ತೇವೆಂದು ಮೊದಲು ಹೇಳಬೇಕಾಗುತ್ತದೆ. ಕೇಳುಗರಿಗೆ ಬೇಕಾದದ್ದು ತಾವು ನಾಳೆ ಬರಬೇಕೋ ಬೇಡವೋ ಎಂಬುದು.

ಈ ಮಾದರಿಯಲ್ಲಿ ಹೇಳಿದವರ ಹೆಸರು ಮೂರನೆಯ ವಾಕ್ಯಕ್ಕೆ ಹೋಗಿದೆ. ಇಲ್ಲಿ ಅದು ಸರಿ, ಎಲ್ಲ ಕಡೆಯೂ ಸರಿಯಲ್ಲ. ವ್ಯತ್ಯಾಸ ಹೀಗೆ: ರಜೆ ಎಂಬುದು ಜಿಲ್ಲಾಧಿಕಾರಿ ಹೇಳಿದ್ದರಿಂದಲೇ ಉಂಟಾಗುವ ಸಂಗತಿ. ಅಧಿಕಾರ ಇರುವವರು ಆದೇಶ ಮಾಡಿದ ಕೂಡಲೇ ಅದು ನಿಜವಾಯಿತು, ಅದರ ಬಗ್ಗೆ ಹೌದು ಅಲ್ಲ ಎಂಬ ವಾದವಿಲ್ಲ. ಆದೇಶ, ನೇಮಕ, ಫಲಿತಾಂಶ, ದಿನಾಂಕ ಬದಲಾವಣೆ, ಚುನಾವಣೆಯಲ್ಲಿ ಗೆದ್ದವರ ಹೆಸರು ಇವೆಲ್ಲ ಈ ಬಗೆಯವು. ಇವಕ್ಕೆ ಸಂಗತಿ ಮೊದಲು, ಮೂಲ ಅನಂತರ. ಆದರೆ ಒಬ್ಬರು ‘ಹೀಗಾಗಿದೆ’ ಎಂದು ಹೇಳುತ್ತಿದ್ದು, ಇನ್ನೊಬ್ಬರು ‘ಹಾಗಲ್ಲ’ ಎನ್ನಬಹುದಾದರೆ, ಹೇಳಿದವರ ಹೆಸರು ಕೇಳುಗರ ಕಿವಿಗೆ ಮೊದಲು ಬೀಳಲೇಬೇಕು. ಇಲ್ಲವಾದರೆ ‘ಎಂದು ಆರೋಪಿಸಿದ್ದಾರೆ’ ಬರುವವರೆಗೂ ಆ ಆರೋಪವನ್ನು ಮಾಡುತ್ತಿರುವುದು ನಿಮ್ಮ ರೇಡಿಯೊವೇ ಎಂದು ಕೇಳುಗರಿಗೆ ಅನಿಸುತ್ತದೆ. ಮುದ್ರಣದಲ್ಲಿ ಉದ್ಧರಣ ಚಿಹ್ನೆ ಕಾಣಿಸುತ್ತದೆ, ಧ್ವನಿಯಲ್ಲಿ ಅದಿಲ್ಲ.

‘ಪ್ರಕಾರ’ ಎಂಬ ಪದ ಸುಲಭದ ದಾರಿಯಂತೆ ತೋರುತ್ತದೆ, ಯಾಕೆಂದರೆ ಅದು ಮೂಲವನ್ನು ವಾಕ್ಯದ ತಲೆಗೆ ತಂದು ಉಳಿದದ್ದನ್ನು ಬಿಡಿಯಾಗಿಡುತ್ತದೆ. ‘ಹವಾಮಾನ ಇಲಾಖೆಯ ಪ್ರಕಾರ ಶುಕ್ರವಾರದವರೆಗೆ ಮಳೆ ಮುಂದುವರಿಯಲಿದೆ’ ಎಂಬುದು ಚೆನ್ನಾಗಿ ಕೂರುತ್ತದೆ, ಅದು ಮುನ್ಸೂಚನೆ, ತಪ್ಪಲೂಬಹುದು. ಆದರೆ ‘ಜಿಲ್ಲಾಧಿಕಾರಿಯ ಪ್ರಕಾರ ನಾಳೆ ರಜೆ’ ಎಂದರೆ ಅದು ಅವರ ಅಭಿಪ್ರಾಯದಂತೆ ಕೇಳಿಸುತ್ತದೆ, ಆದೇಶಕ್ಕೆ ಇರುವ ತೂಕವೇ ಹೋಗುತ್ತದೆ. ಮುನ್ಸೂಚನೆ, ಅಂದಾಜು, ಲೆಕ್ಕಾಚಾರಗಳಿಗೆ ‘ಪ್ರಕಾರ’ ಇಟ್ಟುಕೊಳ್ಳಿ.

ಹೇಳಿದ್ದು ಯಾರು ಎಂಬುದು ಬಿಟ್ಟುಹೋಗಬಾರದು ಎಂದು ನಿಮ್ಮ ಸರ್ ಹೇಳುವುದರಲ್ಲಿ, ಹೆಸರು ಹೇಳುವುದಕ್ಕಿಂತ ಹೆಚ್ಚಿನದು ಅಡಗಿದೆ. ಪ್ರತಿ ಸಂಗತಿಗೂ ಅದರ ಒಡೆಯರು ಬೇರೆ. ಮೇಲಿನ ಸುದ್ದಿಯನ್ನೇ ನೋಡಿ: ರಜೆ ಜಿಲ್ಲಾಧಿಕಾರಿಯದ್ದು, ಎಚ್ಚರಿಕೆ ಹವಾಮಾನ ಇಲಾಖೆಯದ್ದು. ವಿಶ್ವವಿದ್ಯಾಲಯದ ಪರೀಕ್ಷೆ ಮುಂದೂಡುವುದಾದರೆ ಅದನ್ನು ಹೇಳಬೇಕಾದದ್ದು ಕಣ್ಣೂರು ವಿಶ್ವವಿದ್ಯಾಲಯ. ನಿಮ್ಮ ಕಾಲೇಜಿನ ಒಳಗಿನ ಕಿರುಪರೀಕ್ಷೆಗೆ ಪ್ರಾಂಶುಪಾಲರು. ‘ಮೊದಲೇ ನಿಗದಿಯಾದ ಪರೀಕ್ಷೆಗಳು’ ಎಂಬ ಆದೇಶದ ಮಾತನ್ನು ನೀವೇ ಬಿಡಿಸಿ ‘ನಾಳಿನ ಮೂರನೇ ಸೆಮಿಸ್ಟರ್ ಪರೀಕ್ಷೆ ನಡೆಯುತ್ತದೆ’ ಎಂದು ಓದಿದರೆ, ಜಿಲ್ಲಾಧಿಕಾರಿ ಹೇಳದ ಮಾತನ್ನು ಅವರ ಬಾಯಿಗೆ ಹಾಕಿದಂತಾಯಿತು. ಸಂಜೆ ವಿಶ್ವವಿದ್ಯಾಲಯ ಬೇರೆ ಪ್ರಕಟಣೆ ಕೊಟ್ಟರೆ ನಿಮ್ಮ ವಾರ್ತೆ ಸುಳ್ಳಾಗುತ್ತದೆ. ಅಂಥ ಸಂದರ್ಭದಲ್ಲಿ ಪರೀಕ್ಷಾ ವಿಭಾಗಕ್ಕೆ ಅಥವಾ ಕಾಲೇಜು ಕಚೇರಿಗೆ ಕೇಳಿ, ಪ್ರತ್ಯೇಕ ವಾಕ್ಯದಲ್ಲಿ, ಅವರದೇ ಹೆಸರಿನಲ್ಲಿ ಓದಿ: ‘ನಾಳಿನ ಸೆಮಿಸ್ಟರ್ ಪರೀಕ್ಷೆಯ ಸಮಯದಲ್ಲಿ ಬದಲಾವಣೆಯ ಸೂಚನೆ ಮಧ್ಯಾಹ್ನ ಮೂರರವರೆಗೆ ಬಂದಿಲ್ಲ. ಇದನ್ನು ತಿಳಿಸಿದವರು ಕಾಲೇಜು ಕಚೇರಿಯ ಪರೀಕ್ಷಾ ವಿಭಾಗದವರು.’ ‘ಮೂರರವರೆಗೆ’ ಎಂಬ ಸಮಯವನ್ನು ಬಿಡಬೇಡಿ. ಬದಲಾಗಬಹುದಾದ ಸಂಗತಿಗೆ ಗಡಿಯಾರವೂ ಮೂಲದ ಒಂದು ಭಾಗ.

ಗಡಿಯ ತಾಲೂಕಿನಲ್ಲಿ ಇನ್ನೊಂದು ಎಚ್ಚರ ಬೇಕು. ಮೇಲಿನ ಪ್ರತಿಯಲ್ಲಿ ಬರೀ ‘ಜಿಲ್ಲಾಧಿಕಾರಿ’ ಎನ್ನದೆ ‘ಕಾಸರಗೋಡು ಜಿಲ್ಲಾಧಿಕಾರಿ’ ಎಂದು ಬರೆದದ್ದು ಬೇಕೆಂದೇ. ನಿಮ್ಮ ಕೇಳುಗರು ಮನೆಯಲ್ಲಿ ಕನ್ನಡ ಚಾನೆಲ್ ನೋಡುತ್ತಾರೆ, ತಲಪಾಡಿಯ ಆಚೆಗಿನ ಬಂಧುಗಳ ವಾಟ್ಸಾಪ್ ಸಂದೇಶ ಓದುತ್ತಾರೆ. ದಕ್ಷಿಣ ಕನ್ನಡ ಜಿಲ್ಲಾಧಿಕಾರಿ ಕೊಟ್ಟ ರಜೆ ‘ಜಿಲ್ಲಾಧಿಕಾರಿ ಆದೇಶ’ ಎಂಬ ಹೆಸರಿನಲ್ಲೇ ಮಂಜೇಶ್ವರದ ಫೋನುಗಳಿಗೂ ಬರುತ್ತದೆ. ನಿಮ್ಮ ಕಾಲೇಜಿಗೆ ಅದು ಅನ್ವಯಿಸುವುದಿಲ್ಲ. ಹಳೆಯ ವರ್ಷದ ರಜೆ ಪ್ರಕಟಣೆಯ ಚಿತ್ರವೂ ಮಳೆಗಾಲ ಬಂದಾಗ ಮತ್ತೆ ಓಡಾಡುತ್ತದೆ. ಹಾಗಾಗಿ ವಾಟ್ಸಾಪಿನಲ್ಲಿ ಬಂದ ಪ್ರಕಟಣೆಯಲ್ಲಿ ಮೂರನ್ನು ನೋಡಿಯೇ ಮುಂದುವರಿಯಿರಿ: ಯಾವ ಜಿಲ್ಲೆ, ಯಾವ ತಾರೀಕು, ಯಾವ ವರ್ಷ. ಬಳಿಕ ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಅದೇ ಪ್ರಕಟಣೆ ಇದೆಯೇ ಎಂದು ನೋಡಿ. ಸಿಗದಿದ್ದರೆ ಕಾಲೇಜು ಕಚೇರಿಯಿಂದ ಒಂದು ಫೋನ್ ಮಾಡಿಸಿ. ಅದೂ ಆಗದಿದ್ದರೆ ಆ ದಿನ ಆ ಸುದ್ದಿಯನ್ನು ಓದಬೇಡಿ.

ಮಲಯಾಳದಿಂದ ಬರುವ ಪದಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರತಿಯಲ್ಲಿ ಒಂದೇ ವಾಕ್ಯದಲ್ಲಿ ಐದು ಇವೆ. ಎರಡೂ ಭಾಷೆ ಬಲ್ಲವರಿಗೆ ಈ ತಪ್ಪು ಹೆಚ್ಚು. ಪದ ಪರಿಚಿತವಾಗಿ ಕಾಣುವುದರಿಂದ ಅನುವಾದ ಮಾಡಬೇಕೆಂದೇ ತೋರುವುದಿಲ್ಲ. ‘ಅವಧಿ’ ಮಲಯಾಳದಲ್ಲಿ ರಜೆ, ಕನ್ನಡದಲ್ಲಿ ಕಾಲಮಿತಿ. ‘ನಾಳೆ ಅವಧಿಯಾಗಿರುತ್ತದೆ’ ಎಂದರೆ ಕನ್ನಡದಲ್ಲಿ ಅರ್ಥವೇ ಆಗುವುದಿಲ್ಲ, ನಾಳೆ ತರಗತಿಯ ಅವಧಿ ಇದೆ ಎಂದು ಯಾರಾದರೂ ಕೇಳಿಸಿಕೊಂಡರೂ ಆಶ್ಚರ್ಯವಿಲ್ಲ. ‘ಉತ್ತರವು’ ಅಲ್ಲಿ ಆದೇಶ, ಇಲ್ಲಿ ಪ್ರಶ್ನೆಗೆ ಕೊಡುವ ಉತ್ತರ. ‘ಸಾಹಚರ್ಯದಲ್ಲಿ’ ಎಂಬುದಕ್ಕೆ ನಮ್ಮಲ್ಲಿ ‘ಸಂದರ್ಭದಲ್ಲಿ’, ಆದರೆ ಅದೂ ಬೇಡ, ‘ಮಳೆಯಿಂದಾಗಿ’ ಸಾಕು. ‘ಶಕ್ತವಾದ ಮಳೆ’ ಬಿರುಸಿನ ಮಳೆ. ‘ಪ್ರಖ್ಯಾಪಿಸು’ ಘೋಷಿಸು ಅಥವಾ ಕೊಡು.

ಇವು ಕೇಳಲು ವಿಚಿತ್ರವಾಗಿರುವುದರಿಂದ ಯಾರಾದರೂ ತಿದ್ದುತ್ತಾರೆ. ಹೆಚ್ಚು ಅಪಾಯ ಇರುವುದು ಎರಡೂ ಕಡೆ ಸಹಜವಾಗಿ ಕೇಳಿಸುವ ಪದಗಳಲ್ಲಿ. ‘ಸಮರ’ ಅಲ್ಲಿ ಮುಷ್ಕರ ಅಥವಾ ಹೋರಾಟ, ಇಲ್ಲಿ ಯುದ್ಧ. ‘ಬಸ್ ನೌಕರರ ಸಮರ’ ಎಂದು ಓದಿದರೆ ನಾಳೆ ಬಸ್ ಇಲ್ಲ ಎಂಬ ಮುಖ್ಯ ಸಂಗತಿಯೇ ಕೇಳುಗರಿಗೆ ದಾಟುವುದಿಲ್ಲ. ‘ಅನುವಾದ’ ಅಲ್ಲಿ ಅನುಮತಿ. ‘ಅಪೇಕ್ಷೆ’ ಅಲ್ಲಿ ಅರ್ಜಿ. ‘ವಿದ್ಯಾರ್ಥಿಗಳಿಂದ ಅಪೇಕ್ಷೆ ಆಹ್ವಾನಿಸಲಾಗಿದೆ’ ಎಂಬ ವಾಕ್ಯ ಕಾಲೇಜಿನ ಸೂಚನಾ ಫಲಕಗಳಿಂದ ನೇರ ಸ್ಪೀಕರಿಗೆ ಬರುವಂಥದ್ದು. ‘ಅವಕಾಶ’ ಅಲ್ಲಿ ಹಕ್ಕು. ‘ವಿದ್ಯಾರ್ಥಿಗಳ ಅವಕಾಶ ಕಸಿದುಕೊಳ್ಳಲಾಗಿದೆ’ ಎಂಬುದು ಕನ್ನಡದಲ್ಲೂ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಹಕ್ಕು ಕಸಿದರು ಎಂಬ ಗಂಭೀರ ಆರೋಪ, ಒಂದು ಸಂದರ್ಭ ತಪ್ಪಿತು ಎಂಬಷ್ಟಕ್ಕೆ ಇಳಿದುಬಿಡುತ್ತದೆ. ಹೇಳಿದವರ ಮಾತು ಬದಲಾದರೆ ಅವರ ಹೆಸರು ಸೇರಿಸಿದ್ದೂ ಸುಳ್ಳಾಗುತ್ತದೆ. ತಂಡದಲ್ಲಿ ಮಲಯಾಳ ಬಾರದ ಕನ್ನಡ ವಿದ್ಯಾರ್ಥಿ ಒಬ್ಬರಿದ್ದರೆ ಅವರಿಗೆ ಪ್ರತಿಯನ್ನು ಓದಿ ಹೇಳಿ, ಏನು ತಿಳಿಯಿತೆಂದು ಕೇಳಿ. ಇಂಥ ಪದಗಳು ಸಿಕ್ಕಿಬೀಳುವುದು ಅಲ್ಲಿಯೇ.

‘ಎನ್ನಲಾಗಿದೆ’ಯ ವಿಷಯಕ್ಕೆ ಬರುತ್ತೇನೆ. ಅದು ರಕ್ಷಣೆ ಕೊಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಾನಹಾನಿಯ ಮಾತನ್ನು ಬೇರೆಯವರು ಹೇಳಿದರೆಂದು ಮತ್ತೆ ಹೇಳುವುದೂ ಅದನ್ನು ಪ್ರಕಟಿಸಿದಂತೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಯ ಕಲಂ 356. ಆಡಿದ ಮಾತೂ ಅದರ ವ್ಯಾಪ್ತಿಯಲ್ಲಿದೆ. ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’, ‘ಮೂಲಗಳು ತಿಳಿಸಿವೆ’ ಇವೆಲ್ಲ ಹೇಳಿದವರನ್ನು ಅಳಿಸಿಹಾಕುವ ರೂಪಗಳು. ಯಾರೆಂದು ಅಳಿಸಿದ ಮೇಲೆ ಉಳಿಯುವ ಒಬ್ಬರೇ ಒಬ್ಬರು ಓದುತ್ತಿರುವವರು. ಅಂದರೆ ಹೊಣೆ ಕಡಿಮೆಯಾಗುವ ಬದಲು ಪೂರ್ತಿ ನಿಮ್ಮ ತಲೆಗೇ ಬಂತು. ನನ್ನ ಸಲಹೆ ಖಡಾಖಂಡಿತ: ಈ ನಾಲ್ಕು ರೂಪಗಳು ಕಾಲೇಜು ವಾರ್ತೆಯಲ್ಲಿ ಎಲ್ಲಿಯೂ ಬೇಡ.

ಒಂದು ಉದಾಹರಣೆ ಕಟ್ಟೋಣ. ಹಾಸ್ಟೆಲಿನಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟಿದೆ. ತಂಡದ ಮೊದಲ ಪ್ರತಿ ಹೀಗೆ ಬರುವುದು ಸಾಮಾನ್ಯ: “ಹಾಸ್ಟೆಲಿನ ಬಾವಿಯ ಕಲುಷಿತ ನೀರು ಕುಡಿದು 14 ವಿದ್ಯಾರ್ಥಿನಿಯರು ಅಸ್ವಸ್ಥರಾಗಿದ್ದಾರೆ ಎನ್ನಲಾಗಿದೆ.” ಇದರಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. 14 ಮಂದಿ ಅಸ್ವಸ್ಥರಾದದ್ದು, ನೀರು ಕಲುಷಿತವಾಗಿರುವುದು, ಅಸ್ವಸ್ಥತೆಗೆ ಆ ನೀರೇ ಕಾರಣ ಎಂಬುದು. ಮೊದಲನೆಯದನ್ನು ವೈದ್ಯರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಎರಡನೆಯದು ನೀರಿನ ಪರೀಕ್ಷೆ ಆಗದೆ ಯಾರಿಗೂ ಗೊತ್ತಿಲ್ಲ. ಮೂರನೆಯದು ಈಗಿನ ಮಟ್ಟಿಗೆ ಬರೀ ಆರೋಪ. ‘ಕಲುಷಿತ ನೀರು’ ಎಂದು ವಿಶೇಷಣವಾಗಿ ಸೇರಿಸಿದ ಕೂಡಲೇ, ಕೊನೆಯಲ್ಲಿ ಏನೇ ಹೇಳಿದರೂ, ಎರಡನೆಯ ಸಂಗತಿ ತೀರ್ಮಾನವಾದಂತೆ ಕೇಳಿಸುತ್ತದೆ. ಬಿಡಿಸಿ ಬರೆದರೆ:

“ಕಾಲೇಜು ಹಾಸ್ಟೆಲಿನ ಹದಿನಾಲ್ಕು ವಿದ್ಯಾರ್ಥಿನಿಯರಿಗೆ ಇಂದು ವಾಂತಿ ಮತ್ತು ಹೊಟ್ಟೆನೋವಿಗೆ ಚಿಕಿತ್ಸೆ ನೀಡಲಾಗಿದೆ. ಯಾರ ಸ್ಥಿತಿಯೂ ಗಂಭೀರವಾಗಿಲ್ಲ ಎಂದು ಕುಟುಂಬ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ತಿಳಿಸಿದ್ದಾರೆ. ಕಾರಣ ಇನ್ನೂ ಖಚಿತವಾಗಿಲ್ಲ. ವಿದ್ಯಾರ್ಥಿ ಸಂಘದವರು ಬಾವಿಯ ನೀರನ್ನು ದೂರುತ್ತಿದ್ದಾರೆ. ಹಾಸ್ಟೆಲ್ ವಾರ್ಡನ್ ಇದನ್ನು ಒಪ್ಪಿಲ್ಲ. ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದೆ, ವರದಿ ಬಂದಿಲ್ಲ. ಇದು ಪ್ರಾಂಶುಪಾಲರು ಕೊಟ್ಟ ಮಾಹಿತಿ.”

ಇಲ್ಲಿ ಆರೋಪದ ವಾಕ್ಯ ‘ವಿದ್ಯಾರ್ಥಿ ಸಂಘದವರು’ ಎಂದೇ ಶುರುವಾಗುತ್ತದೆ. ಎರಡನೆಯ ವಾಕ್ಯದಲ್ಲಿ ‘ಎಂದು’ ಉಳಿದುಕೊಂಡಿದೆ, ತೊಂದರೆಯಿಲ್ಲ, ಅದರ ಹಿಂದೆ ಇರುವುದು ಮೂರೇ ಪದ. ಸ್ಥೂಲವಾದ ಅಳತೆ ಇದು: ‘ಎಂದು’ವಿನ ಹಿಂದೆ ಐದಾರು ಪದಕ್ಕಿಂತ ಹೆಚ್ಚಿದ್ದರೆ ಕತ್ತರಿಸಿ. ವಾರ್ಡನ್ ಉತ್ತರ ಸಿಕ್ಕದಿದ್ದರೆ ‘ವಾರ್ಡನ್ ಪ್ರತಿಕ್ರಿಯೆಗೆ ಪ್ರಯತ್ನಿಸಿದೆವು, ಅವರು ಸಿಗಲಿಲ್ಲ’ ಎಂದು ಓದಬಹುದು, ಆದರೆ ನಿಜವಾಗಿ ಪ್ರಯತ್ನಿಸಿರಬೇಕು. ಹಾಗೆ ಮಾಡುವಷ್ಟು ಹೊತ್ತಿಲ್ಲದಿದ್ದರೆ ಮೊದಲ ಮೂರು ವಾಕ್ಯ ಮಾತ್ರ ಓದಿ, ಆರೋಪವನ್ನು ಮರುದಿನಕ್ಕೆ ಇಡಿ.

ಹೇಳಿಕೆಯ ಕ್ರಿಯಾಪದಗಳನ್ನು ಬದಲಾಯಿಸುತ್ತಿರಬೇಕು, ಇಲ್ಲದಿದ್ದರೆ ಬೇಸರವಾಗುತ್ತದೆ ಎಂಬುದು ಶಾಲೆಯ ಪ್ರಬಂಧದಿಂದ ಬಂದ ಅಭ್ಯಾಸ. ‘ತಿಳಿಸಿದ್ದಾರೆ’, ‘ಹೇಳಿದ್ದಾರೆ’ ಎಷ್ಟು ಸಲ ಬಂದರೂ ಕಿವಿ ಗಮನಿಸುವುದಿಲ್ಲ. ಆದರೆ ‘ಸ್ಪಷ್ಟಪಡಿಸಿದ್ದಾರೆ’ ಎಂದರೆ ಅವರು ಹೇಳಿದ್ದೇ ನಿಜ ಎಂದು ನೀವು ಒಪ್ಪಿದಂತೆ. ‘ಒಪ್ಪಿಕೊಂಡಿದ್ದಾರೆ’ ಎಂದರೆ ತಪ್ಪಿತ್ತು ಎಂದಂತೆ. ‘ಬಹಿರಂಗಪಡಿಸಿದ್ದಾರೆ’ ಎಂದರೆ ಮುಚ್ಚಿಟ್ಟದ್ದು ಏನೋ ಇತ್ತು ಎಂದಂತೆ. ವಾರ್ಡನ್ ‘ನೀರು ಶುದ್ಧವಾಗಿದೆ ಎಂದು ಸ್ಪಷ್ಟಪಡಿಸಿದರು’ ಎಂದು ಓದಿದರೆ ವರದಿ ಬರುವ ಮೊದಲೇ ನೀವು ತೀರ್ಪು ಕೊಟ್ಟಿರಿ. ಎರಡು ಸರಳ ಪದಗಳಲ್ಲೇ ಇಡೀ ವಾರ್ತೆ ಮುಗಿಸಿ. ಆರೋಪಕ್ಕೆ ‘ಆರೋಪಿಸಿದ್ದಾರೆ’, ಬೇಡಿಕೆಗೆ ‘ಒತ್ತಾಯಿಸಿದ್ದಾರೆ’, ಇಷ್ಟು ಸಾಕು.

ಓದುವ ಪ್ರತಿಯ ತಯಾರಿಯಲ್ಲಿ ಕೆಲವೇ ಮಾತು. ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯಿರಿ. ಮೇಲೆ ‘ಹದಿನಾಲ್ಕು’ ಎಂದು ಬರೆದದ್ದು ಅದಕ್ಕೆ. ಅಂಕಿಗೆ ವಿಭಕ್ತಿ ಸೇರಿದಾಗ ಓದುವವರು ತಡವರಿಸುತ್ತಾರೆ. ಹವಾಮಾನ ಇಲಾಖೆಯ ಕಿತ್ತಳೆ ಎಚ್ಚರಿಕೆಯಲ್ಲಿ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ನಿರೀಕ್ಷೆ ಇರುತ್ತದೆ. ಅದನ್ನು ಹಾಗೆಯೇ ಓದಿದರೆ ಯಾರಿಗೂ ನೆನಪುಳಿಯದು. ‘ಒಂದು ದಿನದಲ್ಲಿ ಹನ್ನೊಂದೂವರೆಯಿಂದ ಇಪ್ಪತ್ತು ಸೆಂಟಿಮೀಟರ್ ಮಳೆ ಬರಬಹುದು’ ಎಂದು ಬರೆಯಿರಿ. ಒಂದು ಸುದ್ದಿಗೆ ಒಂದು ಹಾಳೆ, ಒಂದೇ ಬದಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಬೆರಳು ಹಿಡಿಸುವಷ್ಟು ಜಾಗ ಬಿಟ್ಟು. ವಾಕ್ಯ ಹಾಳೆಯಿಂದ ಹಾಳೆಗೆ ದಾಟಬಾರದು. ಪಿನ್ ಹೊಡೆಯಬೇಡಿ, ಮಗುಚುವ ಸದ್ದು ಮೈಕಿಗೆ ಬೀಳುತ್ತದೆ, ಓದಿದ ಹಾಳೆಯನ್ನು ಪಕ್ಕಕ್ಕೆ ಸರಿಸಿದರಾಯಿತು. ಎಡ ಅಂಚಿನಲ್ಲಿ ಪ್ರತಿ ವಾಕ್ಯದ ಎದುರಿಗೆ ಪೆನ್ಸಿಲಿನಲ್ಲಿ ಅದು ಎಲ್ಲಿಂದ ಬಂತು, ಎಷ್ಟು ಗಂಟೆಗೆ ಎಂದು ಗುರುತು ಹಾಕಿ: ‘ಜಿಲ್ಲಾಡಳಿತದ ಪ್ರಕಟಣೆ, 12.40’, ‘ಕಚೇರಿ ಫೋನ್, 2.50’. ಅಂಚು ಖಾಲಿ ಉಳಿದ ವಾಕ್ಯ ಕಂಡರೆ ಅದಕ್ಕೆ ಮೂಲವಿಲ್ಲ, ತೆಗೆದುಬಿಡಿ.

ಐದು ನಿಮಿಷಕ್ಕೆ ಎಷ್ಟು ಬರೆಯಬೇಕೆಂದು ಲೆಕ್ಕ ಹಾಕಲು, ಓದುವವರು ಒಂದು ನಿಮಿಷ ಗಡಿಯಾರ ಹಿಡಿದು ತಮ್ಮ ಸಹಜ ವೇಗದಲ್ಲಿ ಓದಲಿ, ಓದಿದ ಪದಗಳನ್ನು ಎಣಿಸಿ. 100 ಬಂದರೆ, ಆರಂಭದ ಮತ್ತು ಕೊನೆಯ ಮಾತು, ಸುದ್ದಿಗಳ ನಡುವಿನ ನಿಲುಗಡೆಗೆ ಅರ್ಧ ನಿಮಿಷ ಕಳೆದು, 450 ಪದ. ಮೇಲಿನಂಥ 40ರಿಂದ 50 ಪದದ ಸುದ್ದಿಗಳಾದರೆ ಒಂಬತ್ತರಿಂದ ಹನ್ನೊಂದು ಹಿಡಿಯುತ್ತವೆ. ಆದರೆ ಅಷ್ಟನ್ನೂ ತುಂಬಿಸಬೇಡಿ, ಏಳು ಇಟ್ಟುಕೊಂಡು ಮುಖ್ಯ ಸುದ್ದಿಯ ಮೊದಲೆರಡು ವಾಕ್ಯಗಳನ್ನು ಕೊನೆಯಲ್ಲಿ ಇನ್ನೊಮ್ಮೆ ಓದಿ. ತಡವಾಗಿ ವರಾಂಡಕ್ಕೆ ಬಂದವರಿಗೆ ರಜೆಯೂ ಪರೀಕ್ಷೆಯೂ ಆಗ ಒಟ್ಟಿಗೆ ಸಿಗುತ್ತದೆ.

ವಾರ್ತೆಯನ್ನು ಮೊದಲೇ ಧ್ವನಿಮುದ್ರಿಸಿ ಮರುದಿನ ಬೆಳಗ್ಗೆ ಹಾಕುವ ಯೋಚನೆ ಇದ್ದರೆ ‘ಇಂದು’, ‘ನಾಳೆ’ಗಳನ್ನು ಕೇಳುವ ದಿನಕ್ಕೆ ಹೊಂದಿಸಿ ಬರೆಯಿರಿ. ‘ನಾಳೆ, ಬುಧವಾರ’ ಎಂದು ವಾರವನ್ನೂ ಸೇರಿಸಿದ್ದು ಇಂಥ ಗೊಂದಲ ಆದಾಗ ಕೇಳುಗರಿಗೆ ಒಂದು ಆಸರೆ ಇರಲಿ ಎಂದು.

ಸ್ಪೀಕರಿನಿಂದ ಎಫ್‌ಎಂಗೆ ಹೋಗುವ ಆಸೆ ತಂಡಕ್ಕಿದ್ದರೆ ಒಂದು ಮಾತು ಈಗಲೇ ತಿಳಿದಿರಲಿ. ಸಮುದಾಯ ರೇಡಿಯೊ ಪರವಾನಗಿಯಲ್ಲಿ ಸ್ವಂತ ವಾರ್ತೆ ಬಿತ್ತರಿಸಲು ಅವಕಾಶವಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದಷ್ಟೆ. ಆದರೆ ಹವಾಮಾನ, ಸಂಚಾರ, ನೀರು ಮತ್ತು ವಿದ್ಯುತ್ ವ್ಯತ್ಯಯ, ಪ್ರಕೃತಿ ವಿಕೋಪದ ಎಚ್ಚರಿಕೆ, ಪರೀಕ್ಷೆ, ಫಲಿತಾಂಶ, ಪ್ರವೇಶಾತಿ, ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮಗಳ ಮಾಹಿತಿಯನ್ನು ನಿಯಮ ವಾರ್ತೆಯೆಂದು ಪರಿಗಣಿಸುವುದಿಲ್ಲ. ರಜೆಯ ಸುದ್ದಿಯಂಥದ್ದನ್ನು ಮಾಹಿತಿಯಾಗಿ ಅಲ್ಲಿ ಓದಬಹುದು, ಹಾಸ್ಟೆಲಿನ ಆರೋಪದ ಸುದ್ದಿಯನ್ನು ಓದುವಂತಿಲ್ಲ.

ಮೊನ್ನೆ ರಜೆಯ ವಾರ್ತೆಯಿಂದ ಪರೀಕ್ಷೆ ತಪ್ಪಿಸಿಕೊಂಡವರು ಯಾರಾದರೂ ಇದ್ದರೆ, ಮುಂದಿನ ವಾರ್ತೆಯಲ್ಲಿ ತಿದ್ದುಪಡಿಯನ್ನು ಮೊದಲ ಸುದ್ದಿಯಾಗಿಯೇ ಓದಿ, ಆ ತಪ್ಪು ಬಂದದ್ದೂ ಅದೇ ಜಾಗದಲ್ಲಿ. “ಮಂಗಳವಾರದ ವಾರ್ತೆಯಲ್ಲಿ ಪರೀಕ್ಷೆಯ ವಿಷಯವನ್ನು ಗೊಂದಲವಾಗುವಂತೆ ಓದಿದ್ದೆವು. ಪರೀಕ್ಷೆಗಳು ನಿಗದಿಯಂತೆ ಬುಧವಾರ ನಡೆದಿವೆ.” ಪರೀಕ್ಷೆ ತಪ್ಪಿದವರು ಯಾರನ್ನು ಕಾಣಬೇಕು ಎಂಬುದನ್ನು ಕಾಲೇಜು ಕಚೇರಿಯಲ್ಲಿ ಕೇಳಿ, ಅವರ ಹೆಸರಿನಲ್ಲೇ ಮೂರನೆಯ ವಾಕ್ಯವಾಗಿ ಸೇರಿಸಿ.